ನಾಲ್ಕು ರೋಧ, ಎರಡೇ ಸಂಖ್ಯೆ

ಹಲಸೂರಿನಿಂದ ಹೊರಟು ಇಂದಿರಾನಗರದ ಅಂಚನ್ನು ಹಾದು ಕೆ.ಆರ್. ಪುರದತ್ತ ಸಾಗುವ ಹಳೆ ಮದ್ರಾಸು ರಸ್ತೆಯಲ್ಲಿ ದೂರವಾಣಿನಗರ ಎಂಬ ಬಡಾವಣೆ ಸಿಗುತ್ತದೆ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮ ಐಟಿಐ, ಅದಕ್ಕೆ ಆ ಹೆಸರು ತಂದಿತು. ಅಲ್ಲಿ ಮೊದಮೊದಲು ತಯಾರಾದ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳಲ್ಲಿ 50 ವೋಲ್ಟಿನ ಬ್ಯಾಟರಿ ಇರುತ್ತಿತ್ತು. ಆ ಬ್ಯಾಟರಿಯ ಕರೆಂಟು ತಲಾ 200 ಓಮ್ ರೋಧದ ಎರಡು ಸುರುಳಿಗಳನ್ನು ದಾಟಿ ಚಂದಾದಾರನ ತಂತಿಗೆ ಹೋಗುವುದು ಅಂದಿನ ಪದ್ಧತಿ. ಎಕ್ಸ್‌ಚೇಂಜು ಹಲಸೂರಿನಲ್ಲಿದೆ ಎಂದಿಟ್ಟುಕೊಳ್ಳಿ. ಪಕ್ಕದ ಬೀದಿಯ ಮನೆಯ ತಂತಿ ಮತ್ತು ಟೆಲಿಫೋನು ಸೇರಿ 100 ಓಮ್ ಆದರೆ ಹರಿಯುವ ಕರೆಂಟು 50 ಭಾಗಿಸು 500, ಅಂದರೆ 100 ಮಿಲಿ ಆಂಪಿಯರ್. ಕೆ.ಆರ್. ಪುರದ ಕಡೆಯ ಮನೆಯ ತಂತಿ ಉದ್ದವಾದ್ದರಿಂದ ಅದು 1600 ಓಮ್ ಆದರೆ ಕರೆಂಟು 50 ಭಾಗಿಸು 2000, ಬರೇ 25 ಮಿಲಿ ಆಂಪಿಯರ್. ಎಕ್ಸ್‌ಚೇಂಜು ಬದಲಾಗಿಲ್ಲ, ಬದಲಾದದ್ದು ಅದಕ್ಕೆ ತಗುಲಿಸಿದ ಲೋಡು ಮಾತ್ರ. ತಂತಿಯ ತುದಿಯಲ್ಲಿ ನಿಂತವನಿಗೆ ಅಷ್ಟು ದೊಡ್ಡ ಎಕ್ಸ್‌ಚೇಂಜು 50 ವೋಲ್ಟು ಮತ್ತು 400 ಓಮ್ ಎಂಬ ಎರಡು ಸಂಖ್ಯೆಗಳಾಗಿ ಕಾಣುತ್ತದೆ. ಇಲ್ಲಿ ಆ ಎರಡೂ ಸಂಖ್ಯೆ ಕಣ್ಣೆದುರೇ ಇದ್ದವು. ಕಣ್ಣಿಗೆ ನೇರವಾಗಿ ಕಾಣದ ಜಾಲದಲ್ಲಿಯೂ ಅವು ಇದ್ದೇ ಇರುತ್ತವೆ, ಹುಡುಕಿ ತೆಗೆಯಬಹುದು, ಒಮ್ಮೆ ತೆಗೆದರೆ ಯಾವ ಲೋಡಿಗೂ ಅವೇ ಸಾಕು ಎಂಬುದು ಇಂದಿನ ನನ್ನ ವಾದ.

ವಾದಕ್ಕೆ ಸಾಕ್ಷಿಯಾಗಿ ಬ್ರಿಡ್ಜ್ ಜಾಲವನ್ನೇ ತೆಗೆದುಕೊಳ್ಳೋಣ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಆದ್ದರಿಂದ ಒಂದು ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಒಂದು ವಜ್ರಾಕೃತಿ ಬರೆಯಿರಿ. ಅದಕ್ಕೆ ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು, ಹೀಗೆ ನಾಲ್ಕು ಮೂಲೆ. ಮೇಲಿನ ಮೂಲೆಯಿಂದ ಎಡ ಮೂಲೆಗೆ 600 ಓಮ್, ಎಡದಿಂದ ಕೆಳಗಿನ ಮೂಲೆಗೆ 400 ಓಮ್. ಇನ್ನೊಂದು ಬದಿಯಲ್ಲಿ ಮೇಲಿನಿಂದ ಬಲ ಮೂಲೆಗೆ 200 ಓಮ್, ಬಲದಿಂದ ಕೆಳಕ್ಕೆ 300 ಓಮ್. ಮೇಲಿನ ಮತ್ತು ಕೆಳಗಿನ ಮೂಲೆಗಳ ನಡುವೆ 50 ವೋಲ್ಟಿನ ಬ್ಯಾಟರಿ, ಅದರ ಧನ ತುದಿ ಮೇಲಕ್ಕೆ. ಎಡ ಮತ್ತು ಬಲ ಮೂಲೆಗಳ ನಡುವೆ, ವಜ್ರದ ಹೊಟ್ಟೆಯಲ್ಲಿ ಅಡ್ಡಲಾಗಿ, ನಮ್ಮ ಲೋಡು. ಈ ಲೋಡಿನ ಬೆಲೆಯನ್ನು ನಾವು ಬದಲಿಸುತ್ತಾ ಹೋಗುತ್ತೇವೆ. ಪ್ರತಿ ಬೆಲೆಗೂ ಅದರಲ್ಲಿ ಎಷ್ಟು ಕರೆಂಟು ಹರಿಯುತ್ತದೆ ಎಂಬುದೇ ಪ್ರಶ್ನೆ. 1833ರಲ್ಲಿ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ವಿವರಿಸಿ, 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಬಳಕೆಗೆ ತಂದು ಜನಪ್ರಿಯಗೊಳಿಸಿದ ಜಾಲ ಇದು. ಅದಕ್ಕೇ ಇದಕ್ಕೆ ವೀಟ್‌ಸ್ಟನ್ ಬ್ರಿಡ್ಜ್ ಎಂದು ಹೆಸರು.

ಇದರ ತೊಡಕು ಎಲ್ಲಿದೆ ಎಂದರೆ, ಲೋಡು ಅಡ್ಡ ಕೂತ ಕೂಡಲೇ ಈ ಐದು ರೋಧಗಳಲ್ಲಿ ಯಾವ ಎರಡೂ ಸರಣಿಯಲ್ಲಿಲ್ಲ, ಯಾವ ಎರಡೂ ಸಮಾಂತರದಲ್ಲಿಲ್ಲ. 600 ಮತ್ತು 400 ಒಂದರ ಹಿಂದೆ ಒಂದು ಇರುವಂತೆ ತೋರಿದರೂ ಅವುಗಳ ನಡುವಿನ ಮೂಲೆಯಿಂದ ಲೋಡು ಕವಲೊಡೆಯುತ್ತದೆ. ಹಾಗಾಗಿ ಎರಡರಲ್ಲೂ ಒಂದೇ ಕರೆಂಟು ಇರುವುದಿಲ್ಲ. ಕಿರ್ಖಾಫನ ನಿಯಮಗಳನ್ನು ಹಿಡಿದು ಮೂರು ಸಮೀಕರಣ ಬರೆದು ಬಿಡಿಸಬಹುದು, ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಲೋಡನ್ನು 40 ಓಮ್‌ನಿಂದ 140ಕ್ಕೆ ಬದಲಿಸಿದರೆ ಮೂರೂ ಸಮೀಕರಣಗಳನ್ನು ಮತ್ತೆ ಮೊದಲಿನಿಂದ ಬಿಡಿಸಬೇಕು. ಆರು ಬೆಲೆಗೆ ಆರು ಸಲ. ಅಷ್ಟು ಮಾಡಿ ಮುಗಿಸಿದರೂ ಕೈಯಲ್ಲಿ ಆರು ಉತ್ತರ ಉಳಿಯುತ್ತದೆಯೇ ಹೊರತು ಅವುಗಳ ನಡುವಿನ ಸಂಬಂಧ ಏನು, ಏಳನೆಯ ಬೆಲೆಗೆ ಏನಾದೀತು ಎಂಬುದು ತಿಳಿಯುವುದಿಲ್ಲ.

ಫ್ರಾನ್ಸಿನ ಟೆಲಿಗ್ರಾಫ್ ಇಲಾಖೆಯ ಎಂಜಿನಿಯರ್ ಲಿಯೋನ್ ಷಾರ್ಲ್ ಥೆವೆನಾ 1883ರಲ್ಲಿ ಪ್ರಕಟಿಸಿದ ದಾರಿ ಬೇರೆ. ನಮ್ಮ ಕಾಲೇಜುಗಳಲ್ಲಿ ಇವರನ್ನು ಥೆವನಿನ್ ಎನ್ನುವುದು ರೂಢಿ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದೇ ಮಾತನ್ನು 30 ವರ್ಷ ಮೊದಲೇ, 1853ರಲ್ಲಿ, ಸ್ನಾಯುಗಳಲ್ಲಿ ಹುಟ್ಟುವ ವಿದ್ಯುತ್ತನ್ನು ವಿಚಾರ ಮಾಡುವಾಗ ಹೇಳಿದ್ದರು. ಮೊದಲ ಹೆಜ್ಜೆ ಲೋಡನ್ನು ಕಿತ್ತುಬಿಡುವುದು. ಈಗ 600 ಮತ್ತು 400 ನಿಜವಾಗಿಯೂ ಸರಣಿಯಲ್ಲಿವೆ. ಒಟ್ಟು 1000 ಓಮ್‌ಗೆ 50 ವೋಲ್ಟು, ಕೆಳಗಿನ 400ರ ಪಾಲು 20 ವೋಲ್ಟು. ಅಂದರೆ ಎಡ ಮೂಲೆ ಕೆಳಗಿನ ಮೂಲೆಗಿಂತ 20 ವೋಲ್ಟು ಮೇಲಿದೆ. ಬಲಬದಿಯಲ್ಲಿ ಒಟ್ಟು 500 ಓಮ್, ಕೆಳಗಿನ 300ರ ಪಾಲು 30 ವೋಲ್ಟು. ಬಲ ಮೂಲೆ ಎಡ ಮೂಲೆಗಿಂತ 10 ವೋಲ್ಟು ಎತ್ತರದಲ್ಲಿದೆ. ಇದು ನಮ್ಮ ಮೊದಲ ಸಂಖ್ಯೆ: ಲೋಡಿನ ಕಣ್ಣಿಗೆ ಮೂಲದ ವೋಲ್ಟೇಜು 50 ಅಲ್ಲ, 10.

ಎರಡನೆಯ ಹೆಜ್ಜೆಯಲ್ಲಿ ಬ್ಯಾಟರಿಯನ್ನು ತೆಗೆದು, ಅದು ಇದ್ದ ಜಾಗಕ್ಕೆ ಬರಿಯ ತಂತಿ ಹಾಕಿ, ಎಡ ಬಲ ಮೂಲೆಗಳ ನಡುವೆ ಎಷ್ಟು ರೋಧ ಕಾಣುತ್ತದೆ ಎಂದು ನೋಡುತ್ತೇವೆ. ಬ್ಯಾಟರಿಯ ಜಾಗಕ್ಕೆ ತಂತಿ ಏಕೆ ಎಂದು ಹಲವರು ಕೇಳುತ್ತಾರೆ. ಒಳ್ಳೆಯ ಬ್ಯಾಟರಿ ಕರೆಂಟು ಎಷ್ಟೇ ಹೆಚ್ಚು ಕಡಿಮೆಯಾದರೂ ತನ್ನ 50 ವೋಲ್ಟನ್ನು ಬಿಟ್ಟುಕೊಡುವುದಿಲ್ಲ. ಲೋಡು ಎಳೆದುಕೊಳ್ಳುವ ಹೆಚ್ಚುವರಿ ಕರೆಂಟಿಗೆ ಅದು ಯಾವ ತಡೆಯನ್ನೂ ಒಡ್ಡುವುದಿಲ್ಲ, ತಡೆಯ ಮಟ್ಟಿಗೆ ಅದು ತಂತಿಯೇ. ತಂತಿ ಹಾಕಿದ ಮೇಲೆ ಮೇಲಿನ ಮೂಲೆಯೂ ಕೆಳಗಿನ ಮೂಲೆಯೂ ಒಂದೇ ಆಗುತ್ತವೆ. ಎಡ ಮೂಲೆಯಿಂದ ಅಲ್ಲಿಗೆ 600 ಮತ್ತು 400 ಸಮಾಂತರ, ಅಂದರೆ 240 ಓಮ್. ಅಲ್ಲಿಂದ ಬಲ ಮೂಲೆಗೆ 200 ಮತ್ತು 300 ಸಮಾಂತರ, 120 ಓಮ್. ಇವೆರಡೂ ಒಂದರ ಹಿಂದೆ ಒಂದು, ಕೂಡಿಸಿದರೆ 360 ಓಮ್. ಇದು ಎರಡನೆಯ ಸಂಖ್ಯೆ. ಲೆಕ್ಕದ ಕಷ್ಟದ ಭಾಗ ಇಲ್ಲಿಗೆ ಮುಗಿಯಿತು. ವಜ್ರಾಕೃತಿಯನ್ನು ಪಕ್ಕಕ್ಕಿಟ್ಟು, 10 ವೋಲ್ಟಿನ ಒಂದು ಮೂಲ, ಅದರ ಹಿಂದೆ 360 ಓಮ್ ಎಂದಷ್ಟೇ ಬರೆದುಕೊಳ್ಳಿ.

ಈಗ ಬೇಕಾದ ಲೋಡು ಹಾಕಿ. ಲೋಡು 40 ಓಮ್ ಆದರೆ ಒಟ್ಟು 400, ಕರೆಂಟು 10 ಭಾಗಿಸು 400, ಅಂದರೆ 25 ಮಿಲಿ ಆಂಪಿಯರ್. 140 ಓಮ್ ಆದರೆ ಒಟ್ಟು 500, ಕರೆಂಟು 20. ಲೋಡು 360 ಆದರೆ ಒಟ್ಟು 720, ಕರೆಂಟು ಸುಮಾರು 13.9. 640 ಆದರೆ ಒಟ್ಟು ಸಾವಿರ, ಕರೆಂಟು 10. 1640 ಆದರೆ 5 ಮಿಲಿ ಆಂಪಿಯರ್. ಲೋಡಿನ ಜಾಗದಲ್ಲಿ ತಂತಿಯನ್ನೇ ಹಾಕಿಬಿಟ್ಟರೆ 10 ಭಾಗಿಸು 360, ಸುಮಾರು 27.8 ಮಿಲಿ ಆಂಪಿಯರ್. ಈ ಜಾಲದಿಂದ ಎಳೆಯಬಹುದಾದ ಅತಿ ಹೆಚ್ಚಿನ ಕರೆಂಟು ಇದೇ. ಲೋಡು 40ರಿಂದ 1640ಕ್ಕೆ 41 ಪಟ್ಟು ಏರಿದಾಗ ಕರೆಂಟು ಇಳಿದದ್ದು 25ರಿಂದ 5ಕ್ಕೆ, ಐದನೆಯ ಒಂದು ಪಾಲಿಗೆ ಮಾತ್ರ, ಎಂಬುದನ್ನೂ ಗಮನಿಸಿ. ಲೋಡು ಚಿಕ್ಕದಿರುವಾಗ ಕರೆಂಟನ್ನು ಆಳುವುದು ಜಾಲದ 360 ಓಮ್, ಲೋಡು ದೊಡ್ಡದಾದಾಗಲೇ ಲೋಡಿನ ಮಾತು ನಡೆಯುತ್ತದೆ.

ಎರಡೇ ಸಂಖ್ಯೆ ಏಕೆ ಸಾಕು ಎಂಬುದಕ್ಕೂ ಈ ಉತ್ತರಗಳಲ್ಲೇ ಕಾರಣವಿದೆ. ಲೋಡಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಕರೆಂಟಿನ ಪಕ್ಕದಲ್ಲಿ ಬರೆದು ನೋಡಿ. ಕರೆಂಟು ಸೊನ್ನೆ ಇದ್ದಾಗ 10 ವೋಲ್ಟು. 5 ಮಿಲಿ ಆಂಪಿಯರ್ ಎಳೆದಾಗ 8.2. 10 ಎಳೆದಾಗ 6.4. 20 ಎಳೆದಾಗ 2.8. 25 ಎಳೆದಾಗ 1 ವೋಲ್ಟು. ಪ್ರತಿ 5 ಮಿಲಿ ಆಂಪಿಯರಿಗೆ ತಪ್ಪದೆ 1.8 ವೋಲ್ಟು ಇಳಿಯುತ್ತದೆ. ನಕ್ಷೆ ಬರೆದರೆ ಇದು ನೇರ ಗೆರೆ. ನೇರ ಗೆರೆಯನ್ನು ಗುರುತಿಸಲು ಎರಡು ಬಿಂದು ಸಾಕು, ಮೂರನೆಯದು ಬೇಡ. ಒಳಗೆ ನಾಲ್ಕು ರೋಧವಿರಲಿ, ನಲವತ್ತಿರಲಿ, ಅವು ಓಮ್‌ನ ನಿಯಮವನ್ನು ಪಾಲಿಸುವವರೆಗೆ ಹೊರಗೆ ಕಾಣುವುದು ಒಂದು ನೇರ ಗೆರೆಯೇ.

ಇದೆಲ್ಲ ಕಾಗದದ ಮೇಲಿನ ಜಾಣತನ, ನಿಜವಾದ ಬ್ರಿಡ್ಜಿನಲ್ಲಿ 10 ವೋಲ್ಟಿನ ಮೂಲ ಎಲ್ಲಿದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರವಾಗಿ 640 ಓಮ್ ಲೋಡಿನ ಫಲವನ್ನು ಮೂಲ ಜಾಲಕ್ಕೇ ಮರಳಿ ಹಾಕಿ ಪರೀಕ್ಷಿಸೋಣ. ಲೋಡಿನಲ್ಲಿ ಬಲದಿಂದ ಎಡಕ್ಕೆ 10 ಮಿಲಿ ಆಂಪಿಯರ್ ಹರಿದಾಗ ಬಲ ಮೂಲೆ 30ರಿಂದ 28.8 ವೋಲ್ಟಿಗೆ ಇಳಿಯುತ್ತದೆ, ಎಡ ಮೂಲೆ 20ರಿಂದ 22.4ಕ್ಕೆ ಏರುತ್ತದೆ. ಎಡಬದಿಯ 600 ಓಮ್‌ನಲ್ಲಿ ಉಳಿದ 27.6 ವೋಲ್ಟು, ಅಂದರೆ 46 ಮಿಲಿ ಆಂಪಿಯರ್. ಕೆಳಗಿನ 400ರಲ್ಲಿ 22.4 ವೋಲ್ಟು, 56 ಮಿಲಿ ಆಂಪಿಯರ್. ಮೂಲೆಗೆ ಬಂದದ್ದು 46 ಮತ್ತು 10, ಹೋದದ್ದು 56. ಬಲಬದಿಯಲ್ಲಿ ಮೇಲಿನಿಂದ ಬಂದದ್ದು 106, ಕೆಳಗೆ ಹೋದದ್ದು 96, ಉಳಿದ 10 ಲೋಡಿಗೆ. ಲೆಕ್ಕ ಒಂದು ಮಿಲಿ ಆಂಪಿಯರೂ ತಪ್ಪದೆ ಕೂಡಿಬಂತು. ಮೂರು ಸಮೀಕರಣ ಬಿಡಿಸಿದ್ದರೂ ಇದೇ ಉತ್ತರ ಬರುತ್ತಿತ್ತು.

ಆದರೆ ಆಕ್ಷೇಪದಲ್ಲಿ ಒಂದು ಪಾಲು ಸತ್ಯವಿದೆ, ಅದನ್ನು ಒಪ್ಪಬೇಕು. ಬದಲಿ ಮಂಡಲ ಸಮಾನವಾಗಿರುವುದು ಲೋಡಿನ ದೃಷ್ಟಿಗೆ ಮಾತ್ರ, ಒಳಗಿನ ಖರ್ಚಿಗಲ್ಲ. ಲೋಡು ಕಿತ್ತಿಟ್ಟಾಗ ಬದಲಿ ಮಂಡಲದಲ್ಲಿ ಕರೆಂಟೇ ಇಲ್ಲ, ಖರ್ಚು ಸೊನ್ನೆ. ನಿಜವಾದ ಬ್ರಿಡ್ಜಿನಲ್ಲಿ ಆಗಲೂ ಎಡಬದಿಯಲ್ಲಿ 50, ಬಲಬದಿಯಲ್ಲಿ 100 ಮಿಲಿ ಆಂಪಿಯರ್ ಹರಿಯುತ್ತಲೇ ಇರುತ್ತದೆ. ಬ್ಯಾಟರಿ ಏಳೂವರೆ ವಾಟ್ ತೆರುತ್ತಿರುತ್ತದೆ, ಅದೆಲ್ಲ ಶಾಖವಾಗಿ ಹೋಗುತ್ತದೆ. ಲೋಡು 360 ಓಮ್ ಆದಾಗ, ಅಂದರೆ ಜಾಲದ ರೋಧಕ್ಕೆ ಸರಿಸಮವಾದಾಗ, ಲೋಡಿಗೆ ಅತಿ ಹೆಚ್ಚಿನ ಶಕ್ತಿ ಸಿಗುತ್ತದೆ ಎಂಬ ಪ್ರಸಿದ್ಧ ನಿಯಮವೂ ಇಲ್ಲಿ ನಿಜವೇ. 140 ಓಮ್‌ಗೆ 56, 640ಕ್ಕೆ 64, 360ಕ್ಕೆ ಸುಮಾರು 69 ಮಿಲಿವಾಟ್. ಆ ಘಳಿಗೆಯಲ್ಲಿ ಅರ್ಧದಷ್ಟು ಶಕ್ತಿ ಲೋಡಿಗೆ ಮುಟ್ಟಿತು ಎಂದು ಬದಲಿ ಮಂಡಲವನ್ನು ನೋಡಿ ಹೇಳುವವರಿದ್ದಾರೆ. ಅದು ತಪ್ಪು. ಏಳೂವರೆ ವಾಟಿಗೂ ಹೆಚ್ಚು ತೆತ್ತ ಬ್ಯಾಟರಿಯಿಂದ ಲೋಡಿಗೆ ಬಂದದ್ದು ನೂರರಲ್ಲಿ ಒಂದು ಪಾಲೂ ಅಲ್ಲ. ಎಷ್ಟು ಕರೆಂಟು ಲೋಡಿಗೆ ಎಂಬ ಪ್ರಶ್ನೆಯನ್ನು ಬದಲಿ ಮಂಡಲಕ್ಕೆ ಕೇಳಿ, ಎಷ್ಟು ಬ್ಯಾಟರಿ ಸವೆಯಿತು ಎಂಬುದನ್ನು ಮೂಲ ಜಾಲಕ್ಕೇ ಕೇಳಿ.

ಇನ್ನೊಂದು ಆಕ್ಷೇಪ ಪ್ರಯೋಗಶಾಲೆಯಿಂದ ಬರುತ್ತದೆ: ಅಳೆದು ನೋಡಿದರೆ 10 ವೋಲ್ಟು ಸಿಗುವುದಿಲ್ಲವಲ್ಲ. ಸಿಗದಿರಲು ಸಾಮಾನ್ಯವಾಗಿ ಎರಡು ಕಾರಣ. ಮೊದಲನೆಯದು ಮೀಟರು. ವೋಲ್ಟಿಗೆ ಸಾವಿರ ಓಮ್ ಎಂದು ಗುರುತಿಸಿದ ಮುಳ್ಳಿನ ಮೀಟರನ್ನು 10 ವೋಲ್ಟಿನ ಅಳತೆಗೆ ಇಟ್ಟರೆ ಮೀಟರೇ 10,000 ಓಮ್‌ನ ಲೋಡು. ಅದು ತೋರಿಸುವುದು 9.65 ವೋಲ್ಟು. ಸುಮಾರು 1 ಕೋಟಿ ಓಮ್ ರೋಧವಿರುವ ಡಿಜಿಟಲ್ ಮೀಟರಿನಲ್ಲಿ ಈ ಕೊರತೆ ಕಾಣುವುದಿಲ್ಲ. ಎರಡನೆಯದು ಬ್ಯಾಟರಿಯ ಒಳರೋಧ. ಅದು 10 ಓಮ್ ಇದ್ದರೆ ಬ್ರಿಡ್ಜಿಗೆ ಮುಟ್ಟುವುದೇ 48.5 ವೋಲ್ಟು, ಲೋಡಿಗೆ ಕಾಣುವುದು 9.71. ರೋಧವನ್ನು ಅಳೆಯುವಾಗಲೂ ಒಂದು ಎಚ್ಚರ ಬೇಕು. ಪುಸ್ತಕದಲ್ಲಿ ಮೂಲವನ್ನು ಶಾರ್ಟ್ ಮಾಡಿ ಎಂದಿರುತ್ತದೆ. ಅದನ್ನು ನೇರವಾಗಿ ಬ್ಯಾಟರಿಯ ಮೇಲೆ ಪ್ರಯೋಗಿಸಿದರೆ ತಂತಿ ಕಾದು ಕೈ ಸುಡುತ್ತದೆ. ಬ್ಯಾಟರಿಯನ್ನು ಮೊದಲು ಬಿಚ್ಚಬೇಕು, ಖಾಲಿಯಾದ ಜಾಗಕ್ಕೆ ತಂತಿ ಹಾಕಬೇಕು. ಇದಕ್ಕಿಂತ ಸುಲಭದ ದಾರಿಯೂ ಇದೆ. ಲೋಡಿನ ಜಾಗದಲ್ಲಿ ರೋಧದ ಪೆಟ್ಟಿಗೆ ಇಟ್ಟು, ವೋಲ್ಟೇಜು 10ರಿಂದ 5ಕ್ಕೆ ಇಳಿಯುವವರೆಗೆ ತಿರುಗಿಸಿ. ಆಗ ಪೆಟ್ಟಿಗೆಯಲ್ಲಿ ಕಾಣುವ ಸಂಖ್ಯೆಯೇ ಜಾಲದ ರೋಧ, 360. ಇದರಲ್ಲಿ ಏನನ್ನೂ ಶಾರ್ಟ್ ಮಾಡುವ ಪ್ರಮೇಯವಿಲ್ಲ.

ಈ ವಿಧಾನಕ್ಕೆ ನಿಜವಾದ ಎಲ್ಲೆ ಒಂದೇ. ಬ್ರಿಡ್ಜಿನ 400 ಓಮ್ ತೆಗೆದು ಅಲ್ಲಿ ತಂತಿಯ ಬಲ್ಬು ಹಾಕಿದಿರಿ ಎನ್ನಿ. ತಣ್ಣಗಿರುವಾಗ ಬಲ್ಬಿನ ರೋಧ ಉರಿಯುವಾಗಿನ ಹತ್ತನೆಯ ಒಂದು ಪಾಲಿನಷ್ಟೇ ಇರಬಹುದು. ಕರೆಂಟು ಬದಲಾದಂತೆ ಆ ತೋಳಿನ ರೋಧವೂ ಬದಲಾಗುತ್ತದೆ, ನೇರ ಗೆರೆ ಬಾಗುತ್ತದೆ, ಎರಡು ಬಿಂದು ಸಾಲದಾಗುತ್ತವೆ. ಆದರೆ ಅದೇ ಬಲ್ಬು ಲೋಡಿನ ಜಾಗದಲ್ಲಿದ್ದರೆ ತೊಂದರೆಯಿಲ್ಲ. ನೇರವಾಗಿರಬೇಕಾದದ್ದು ಜಾಲ, ಲೋಡು ಹೇಗಿದ್ದರೂ ಸರಿ. ಕಂಡುಹಿಡಿಯುವುದು ಸುಲಭ: ಎರಡು ಲೋಡಿನ ಬದಲು ಮೂರನ್ನು ಹಾಕಿ ಅಳೆಯಿರಿ, ಮೂರು ಬಿಂದುಗಳು ಒಂದೇ ಗೆರೆಯಲ್ಲಿ ಬೀಳದಿದ್ದರೆ ಒಳಗೆ ಬಾಗಿದ ವಸ್ತು ಇದೆ ಎಂದರ್ಥ.

ಇಷ್ಟಾದ ಮೇಲೆ, ಕಂಪ್ಯೂಟರಿಗೆ ಹಾಕಿದರೆ ಕ್ಷಣದಲ್ಲಿ ನೂರು ಲೋಡುಗಳ ಉತ್ತರ ಬರುವಾಗ ಈ ಶ್ರಮ ಏತಕ್ಕೆ ಎಂಬ ಮಾತು ಉಳಿಯುತ್ತದೆ. ಉತ್ತರಗಳು ಬರುತ್ತವೆ, ಕಾರಣ ಬರುವುದಿಲ್ಲ. ಟೆಲಿಫೋನು ಕೇಬಲ್ಲಿನವರು ಬಹಳ ಕಾಲ ನಂಬಿದ್ದ ಮರ್ರೆ ಲೂಪ್ ಪರೀಕ್ಷೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಂದಿರಾನಗರದ ಕಡೆಯಿಂದ ಕೆ.ಆರ್. ಪುರದ ಕಡೆಗೆ ನೆಲದೊಳಗೆ 8 ಕಿಲೋಮೀಟರ್ ಕೇಬಲ್ಲು ಹೋಗಿದೆ, ಒಂದು ತಂತಿಗೆ ಎಲ್ಲೋ ನೀರಿಳಿದು ಭೂಮಿಗೆ ಸೋರುತ್ತಿದೆ ಎಂದು ಊಹಿಸಿಕೊಳ್ಳಿ. ಎಲ್ಲೆಂದರಲ್ಲಿ ರಸ್ತೆ ಅಗೆಯಲಾಗದು. ದೂರದ ತುದಿಯಲ್ಲಿ ಕೆಟ್ಟ ತಂತಿಯನ್ನು ಒಂದು ಒಳ್ಳೆಯ ತಂತಿಗೆ ಸೇರಿಸುತ್ತಾರೆ. ಇದು ಒಟ್ಟು 16 ಕಿಲೋಮೀಟರಿನ ಲೂಪು. ಈ ತುದಿಯಲ್ಲಿ ಎರಡು ಅಳತೆಯ ರೋಧಗಳನ್ನು ಜೋಡಿಸಿ, ಲೂಪಿನ ಎರಡು ತುದಿಗಳ ನಡುವೆ ಗ್ಯಾಲ್ವನೋಮೀಟರ್ ಇಡುತ್ತಾರೆ. ಬ್ಯಾಟರಿಯ ಒಂದು ತುದಿ ಆ ಎರಡು ರೋಧಗಳ ಸಂಧಿಗೆ, ಇನ್ನೊಂದು ಭೂಮಿಗೆ. ಕೆಟ್ಟ ಜಾಗ ಲೂಪನ್ನು ಎರಡು ತೋಳಾಗಿ ಸೀಳುತ್ತದೆ, ಬ್ರಿಡ್ಜ್ ಪೂರ್ಣವಾಗುತ್ತದೆ. ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬಂದಾಗ ಎರಡು ರೋಧಗಳ ಅನುಪಾತ 3ಕ್ಕೆ 1 ಆಗಿದ್ದರೆ ಲೂಪೂ ಅದೇ ಅನುಪಾತದಲ್ಲಿ ಸೀಳಿದೆ: 12 ಕಿಲೋಮೀಟರ್ ಮತ್ತು 4 ಕಿಲೋಮೀಟರ್. ತೊಂದರೆ ಇರುವುದು ಕೆಟ್ಟ ತಂತಿಯ ಹಾದಿಯಲ್ಲಿ 4 ಕಿಲೋಮೀಟರ್ ದೂರದಲ್ಲಿ.

ಆದರೆ ಸೋರುವ ಜಾಗದ ರೋಧ ಎಷ್ಟೆಂದು ಯಾರಿಗೂ ತಿಳಿದಿಲ್ಲ. ಅದು 10 ಓಮ್ ಇರಬಹುದು, ಸಾವಿರ ಇರಬಹುದು. ಹಾಗಿದ್ದೂ ಅಳತೆಯನ್ನು ನಂಬುವುದು ಹೇಗೆ? ಉತ್ತರ ನಮ್ಮ ಎರಡು ಸಂಖ್ಯೆಗಳಲ್ಲಿದೆ. ಆ ರೋಧ ಬ್ರಿಡ್ಜಿನ ಯಾವ ತೋಳಿನಲ್ಲೂ ಇಲ್ಲ, ಬ್ಯಾಟರಿಯ ಹಾದಿಯಲ್ಲಿದೆ, ಬ್ಯಾಟರಿಯ ಒಳರೋಧದ ಹಾಗೆ. ನಮ್ಮ ಬ್ರಿಡ್ಜಿನಲ್ಲೇ ಬ್ಯಾಟರಿಯ ಹಾದಿಗೆ ಸಾವಿರ ಓಮ್ ಸೇರಿಸಿ ನೋಡಿ. ಲೋಡಿಗೆ ಕಾಣುವ ವೋಲ್ಟೇಜು 10ರಿಂದ ಎರಡೂವರೆಗೆ ಇಳಿಯುತ್ತದೆ. ರೋಧ 360ರಿಂದ 370ಕ್ಕೆ ಏರುತ್ತದೆ, ಅಷ್ಟೇ. ಅಂದರೆ ಕೆಟ್ಟ ಜಾಗದ ರೋಧ ಹೆಚ್ಚಾದಷ್ಟೂ ಮೀಟರಿನ ಓಟ ಮಂಕಾಗುತ್ತದೆ. ಆದರೆ ಆ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಸೊನ್ನೆಯಾಗಿರುವ ಬ್ರಿಡ್ಜಿನಲ್ಲಿ ಅದು ಸೊನ್ನೆಯಾಗಿಯೇ ಉಳಿಯುತ್ತದೆ. ಸೊನ್ನೆಯನ್ನು ಎಷ್ಟು ಪಾಲು ಮಾಡಿದರೂ ಸೊನ್ನೆಯೇ. ಅದಕ್ಕೇ ದೂರದ ಲೆಕ್ಕ ಕೆಡುವುದಿಲ್ಲ, ಸೂಕ್ಷ್ಮತೆ ಮಾತ್ರ ಕುಗ್ಗುತ್ತದೆ. ಸೂಕ್ಷ್ಮತೆ ಕುಗ್ಗಿದರೆ ಬ್ಯಾಟರಿಯ ವೋಲ್ಟೇಜು ಏರಿಸುವುದು ಮದ್ದು. ಲೂಪಿನ ಎರಡು ತಂತಿಗಳ ದಪ್ಪ ಬೇರೆ ಬೇರೆ ಆಗಿದ್ದರೆ, ಅಥವಾ ದೂರದ ತುದಿಯ ಜೋಡಣೆ ಸಡಿಲವಾಗಿದ್ದರೆ ಮಾತ್ರ ದೂರವೇ ತಪ್ಪುತ್ತದೆ. ಎರಡೂ ತುದಿಗಳಿಂದ ಪರೀಕ್ಷಿಸಿ, ಎರಡು ದೂರಗಳ ಮೊತ್ತ ಕೇಬಲ್ಲಿನ ಉದ್ದಕ್ಕೆ ಕೂಡಿಬರುತ್ತದೆಯೇ ಎಂದು ನೋಡಿದರೆ ಇದು ಹೊರಬೀಳುತ್ತದೆ. ತೇವದ ಜಾಗ ತಾನೇ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸುವುದೂ ಉಂಟು. ಅದಕ್ಕಾಗಿ ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿ ಎರಡು ಸಲ ಅಳೆದು ಸರಾಸರಿ ತೆಗೆಯುವುದು ರೂಢಿ.

ಹಾಗಾಗಿ ವಿದ್ಯುತ್ ಓದುತ್ತಿರುವ ಮಕ್ಕಳಿಗೆ, ಅವರಿಗೆ ಕಲಿಸುತ್ತಿರುವ ಮೇಷ್ಟ್ರುಗಳಿಗೆ ನನ್ನ ವಿನಂತಿ ಇಷ್ಟೇ. ಬ್ರಿಡ್ಜಿನ ಲೆಕ್ಕ ಬಂದಾಗ ಕೂಡಲೇ ಸಮೀಕರಣ ಬರೆಯಲು ಕೂರಬೇಡಿ. ಲೋಡನ್ನು ಮನಸ್ಸಿನಲ್ಲೇ ಕಿತ್ತಿಡಿ, ತೆರೆದ ತುದಿಯ ವೋಲ್ಟೇಜು ಕಂಡುಹಿಡಿಯಿರಿ, ಬ್ಯಾಟರಿಯ ಜಾಗಕ್ಕೆ ತಂತಿ ಹಾಕಿ ರೋಧ ಕಂಡುಹಿಡಿಯಿರಿ. ಆಮೇಲೆ ಎಷ್ಟು ಬೆಲೆಯ ಲೋಡು ಕೊಟ್ಟರೂ ಅದೊಂದು ಕೂಡುವ, ಭಾಗಿಸುವ ಲೆಕ್ಕ. ಕೊನೆಗೆ ಒಂದು ಉತ್ತರವನ್ನಾದರೂ ಮೂಲ ಜಾಲಕ್ಕೆ ಮರಳಿ ಹಾಕಿ, ಪ್ರತಿ ಮೂಲೆಯಲ್ಲೂ ಬಂದದ್ದೂ ಹೋದದ್ದೂ ಸರಿಹೊಂದುತ್ತದೆಯೇ ಎಂದು ನೋಡಿ. ಹೊಂದಿದರೆ ಉಳಿದ ಉತ್ತರಗಳನ್ನೂ ನಂಬಬಹುದು.